ಹಗ್ಗ ಕೈಗೆ ಬಂದ ಮೇಲೆ ಮಾತು: ರೋಣ ತಾಲ್ಲೂಕಿನಲ್ಲಿ ಹಾವು ಕಡಿತದ ವಿಡಿಯೊ ಮಾಡಿದ ಬಗೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಎರೆಭೂಮಿ ಹಳ್ಳಿ. ಹಾವು ಕಡಿದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಊರಿನವರೇ ನಟಿಸಿ ತೋರಿಸುವ ಮೂರು ನಿಮಿಷದ ವಿಡಿಯೊ ಆಗಬೇಕಿತ್ತು. ವಾಟ್ಸಾಪ್‌ನಲ್ಲಿ ಓಡಾಡಬೇಕು, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ತೋರಿಸಲು ಬರಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ, ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದಿತು. ಆದರೆ ಕಡಿಸಿಕೊಂಡವರು ಆಸ್ಪತ್ರೆ ತಲುಪುವ ಮೊದಲು ಏನಾಗುತ್ತದೆ ಎಂಬುದು ಬಣವೆಯ ಪಕ್ಕ, ಮನೆಯ ಅಂಗಳದಲ್ಲಿ ತೀರ್ಮಾನವಾಗುವ ವಿಷಯ. ಈ ವಿಡಿಯೊ ಆ ಹೊತ್ತಿನ ಬಗ್ಗೆ.

ಪಾತ್ರಗಳು ನಾಲ್ಕು. ಕಡಿಸಿಕೊಂಡ ಹೆಂಗಸು, ಅವಳ ಪಿಯುಸಿ ಓದುವ ಮಗ, ಅವಳ ಅಣ್ಣ, ಪಕ್ಕದ ಮನೆಯ ಆಯಿ. ಕೊನೆಗೆ ಊರಿನ ಆಶಾ ಕಾರ್ಯಕರ್ತೆ ತಮ್ಮದೇ ಪಾತ್ರದಲ್ಲಿ ಬಂದು ಮಾತಾಡುತ್ತಾರೆ. ಮೊದಲು ಬರೆದ ಕಥೆಯಲ್ಲಿ, ಕಡಿದ ಕಾಲಿಗೆ ಬಿಗಿಯಲು ಹಗ್ಗ ತರುವವನು ಗಂಡ. ಹಳ್ಳಿಯಲ್ಲಿ ಇದು ನಡೆಯುವುದಿಲ್ಲ. ಬೇರೆಯವರ ಹೆಂಡತಿಯಾಗಿ ಕ್ಯಾಮೆರಾ ಮುಂದೆ ಕೂರಲು ಯಾವ ಹೆಂಗಸೂ ಒಪ್ಪುವುದಿಲ್ಲ, ಒಪ್ಪಿದರೂ ಮನೆಯವರು ಬಿಡುವುದಿಲ್ಲ, ಬಿಟ್ಟರೂ ಆಕೆಯ ಮೈಯೆಲ್ಲ ಬಿಗಿದಿರುತ್ತದೆ. ಅಣ್ಣನೆಂದು ಬದಲಿಸಿದ ಕೂಡಲೇ ಅರ್ಧ ತೊಡಕು ಬಿಟ್ಟಿತು. ಅಣ್ಣ ತಂಗಿಯ ಕಾಲು ಮುಟ್ಟಬಹುದು, ಗದರಬಹುದು, ಅಳಬಹುದು. ಮಗನ ಪಾತ್ರಕ್ಕೆ ಆಕೆಯ ಸ್ವಂತ ಮಗನೇ ಬಂದ. ಅವ್ವನ ಕಾಲು ತೊಡೆಯ ಮೇಲೆ ಇಟ್ಟುಕೊಳ್ಳಲು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

ಆಯ್ಕೆಗೆ ಯಾರ ಕೈಗೂ ಹಾಳೆ ಕೊಟ್ಟು ಓದಿಸಲಿಲ್ಲ. ಓದಿಸಿದರೆ ಯಾರು ಚೆನ್ನಾಗಿ ಓದುತ್ತಾರೆ ಎಂಬುದಷ್ಟೇ ಗೊತ್ತಾಗುತ್ತದೆ. ಕೆಲಸ ಮಾಡುತ್ತಿರುವವರ ಪಕ್ಕ ಕೂತು ಉಳ್ಳಾಗಡ್ಡಿ ದರದ ಮಾತು ತೆಗೆದು, ನಡುವೆ ಫೋನ್ ಎತ್ತಿ ವಿಡಿಯೊ ಹಿಡಿದೆವು. ಫೋನ್ ಮೇಲೆ ಬಂದಾಗ ಯಾರ ದನಿ ಬದಲಾಗುವುದಿಲ್ಲ, ಯಾರ ಕೈ ಕೆಲಸ ನಿಲ್ಲುವುದಿಲ್ಲ ಎಂಬುದೊಂದೇ ಪರೀಕ್ಷೆ.

ಬೀಗ ಹಾಕಿದ ಮಾತು, ಬಿಟ್ಟ ಮಾತು

ವೈದ್ಯರಿಂದ ಬಂದ ಮೂಲ ಪಠ್ಯ ಹೀಗಿತ್ತು: "ಕಚ್ಚಿದ ಜಾಗದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟುವುದರಿಂದ ರಕ್ತ ಸಂಚಾರ ಸ್ಥಗಿತಗೊಂಡು ಅಂಗಾಂಗಕ್ಕೆ ಶಾಶ್ವತ ಹಾನಿ ಉಂಟಾಗುವ ಸಾಧ್ಯತೆ ಇರುತ್ತದೆ." ಮಾಹಿತಿಯಲ್ಲಿ ತಪ್ಪಿಲ್ಲ. ಇದನ್ನು ಹದಿನೇಳರ ಹುಡುಗನ ಬಾಯಲ್ಲಿ, ಅವ್ವನ ಕಾಲು ಊದುತ್ತಿರುವಾಗ, ಹೇಳಿಸುವಂತಿಲ್ಲ ಅಷ್ಟೆ.

ಪಠ್ಯವನ್ನು ಎರಡು ಪಾಲು ಮಾಡಿದೆವು. ಒಂದು ಪಾಲಿಗೆ ಬೀಗ: ಅದರ ಅರ್ಥ ಕೂದಲೆಳೆಯಷ್ಟೂ ಜರುಗಬಾರದು. ಕಟ್ಟಬಾರದು. ಕೊಯ್ಯಬಾರದು, ಬಾಯಿಂದ ಹೀರಬಾರದು. ಕಡಿದ ಕಾಲು ಅಲ್ಲಾಡಬಾರದು, ನಡೆಸಬಾರದು. ಉಂಗುರ, ಚೈನು ತೆಗೆಯಬೇಕು, ಏಕೆಂದರೆ ಕಾಲು ಊದಿದ ಮೇಲೆ ಅವೇ ಬಿಗಿದು ಕಟ್ಟಾಗುತ್ತವೆ. 108ಕ್ಕೆ ಫೋನ್ ಹಚ್ಚಬೇಕು. ದೊಡ್ಡ ದವಾಖಾನೆಗೇ ಹೋಗಬೇಕು, ಹಾವಿನ ವಿಷಕ್ಕೆ ಇಂಜೆಕ್ಷನ್ ಬಿಟ್ಟು ಬೇರೆ ಔಷಧ ಇಲ್ಲ. ಉಳಿದ ಮಾತೆಲ್ಲ ನಟರಿಗೆ ಬಿಟ್ಟದ್ದು: ಯಾರನ್ನು ಹೇಗೆ ಕರೆಯಬೇಕು, ಹೇಗೆ ಬೈಯಬೇಕು, ಏನೆಂದು ಹಲುಬಬೇಕು.

ಬೀಗದ ಮಾತನ್ನೂ ನಟರ ಬಾಯಿಂದಲೇ ಹುಟ್ಟಿಸಿದೆವು. ವೈದ್ಯರ ವಾಕ್ಯವನ್ನು ಓದಿ ಹೇಳದೆ, ವಿಷಯ ವಿವರಿಸಿ ಹುಡುಗನನ್ನು ಕೇಳಿದೆವು: "ನಿಮ್ಮ ಮಾವ ಹಗ್ಗ ತಗೊಂಡು ಬಂದ. ಕಟ್ಟಿದ್ರ ಅವ್ವನ ಕಾಲ ಹೋಗ್ತೈತಿ ಅಂತ ನಿನಗ ಗೊತ್ತೈತಿ. ಏನಂತಿ?" ಅವನಂದದ್ದು: "ಮಾವಾ, ಕಟ್ಟಬ್ಯಾಡ್ರಿ. ಕಾಲ ಹೋಗ್ತೈತಿ." ನಾಲ್ಕೇ ಪದ. ಇದಕ್ಕೆ ಬೀಗ ಹಾಕಿದೆವು. ಒಂದು ಉಸಿರಿನಲ್ಲಿ ಮುಗಿಯದ ಮಾತು ಹವ್ಯಾಸಿ ನಟನ ಬಾಯಲ್ಲಿ ನಡುವೆ ಎಲ್ಲೋ ಸಾಯುತ್ತದೆ. ಐದಾರು ಪದಕ್ಕಿಂತ ಉದ್ದ ಇದ್ದರೆ ಇಬ್ಬರಿಗೆ ಹಂಚಬೇಕು, ಇಲ್ಲವೇ ನಡುವೆ ಕೈಗೊಂದು ಕೆಲಸ ಕೊಡಬೇಕು.

ಹಾಳೆಯನ್ನು ಯಾರಿಗೂ ಮನೆಗೆ ಕಳಿಸಲಿಲ್ಲ. ಮನೆಯಲ್ಲಿ ಬಾಯಿಪಾಠ ಮಾಡಿದರೆ ಮಾತಿಗೊಂದು ರಾಗ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಇದೇ ಕಾರಣಕ್ಕೆ ನಿರ್ದೇಶಕ ತಾನು ಹೇಳಿ ತೋರಿಸಲೂ ಬಾರದು. "ಹೀಂಗ ಹೇಳ್ರಿ" ಎಂದು ಒಮ್ಮೆ ಅಂದು ತೋರಿಸಿದರೆ ಮುಗಿಯಿತು, ಅವರು ನಿಮ್ಮ ದನಿಯ ಏರಿಳಿತವನ್ನು ಒಪ್ಪಿಸುತ್ತಾರೆ. ನನ್ನದಾದರೆ ಅದೂ ಹುಬ್ಬಳ್ಳಿಯ ದನಿ.

ದೊಡ್ಡಾಟದ ದನಿ

ಹಳ್ಳಿಯವರಿಗೆ ನಟನೆ ಗೊತ್ತಿಲ್ಲ, ನಾಚಿಕೊಳ್ಳುತ್ತಾರೆ ಎಂದುಕೊಂಡು ಹೋಗುವವರು ಈ ಭಾಗಕ್ಕೆ ಬಂದರೆ ಬೇರೆಯೇ ಕಷ್ಟ ಎದುರಾಗುತ್ತದೆ. ಇದು ಗರುಡ ಸದಾಶಿವರಾಯರ ನಾಟಕ ಮಂಡಳಿಯ ಗದಗ ಸೀಮೆ. ಜಾತ್ರೆಗೆ ಸಾಮಾಜಿಕ ನಾಟಕ ಆಗದ ಊರು ಸಿಗುವುದು ಕಷ್ಟ, ದೊಡ್ಡಾಟದಲ್ಲಿ ಗದೆ ಹಿಡಿದವರು ಓಣಿಗೊಬ್ಬರು ಇರುತ್ತಾರೆ. ಅವರಿಗೆ ನಾಚಿಕೆ ಇಲ್ಲ. ದನಿ ಬಹಳ ಇದೆ.

ಅಣ್ಣನ ಪಾತ್ರಕ್ಕೆ ಬಂದ ಹಿರಿಯರು ಅಂಥವರು. ಮೈಕ್ ಇಲ್ಲದ ಅಟ್ಟದ ಮೇಲೆ ರಾತ್ರಿಯಿಡೀ ಕೊನೆಯ ಸಾಲಿನವರೆಗೆ ಮಾತು ಮುಟ್ಟಿಸಿದ ಗಂಟಲು ಅದು. ಮಾತಿನ ಕೊನೆಯ ಅಕ್ಷರವನ್ನು ಎಳೆದು, ಹಿಮ್ಮೇಳ ಎತ್ತಿಕೊಳ್ಳಲಿ ಎಂದು ಕ್ಷಣ ಕಾದು, ಸಭೆಯ ಕಡೆಗೆ ತಿರುಗಿ ನಿಲ್ಲುವ ಅಭ್ಯಾಸ. ಆಟದಲ್ಲಿ ಇವೆಲ್ಲ ಗುಣ. ಎರಡು ಅಡಿ ದೂರದ ಕ್ಯಾಮೆರಾಕ್ಕೆ ಇವೇ ಮುಳ್ಳು.

"ಸಣ್ಣಗ ಮಾತಾಡ್ರಿ" ಎಂದು ಅವರಿಗೆ ಹೇಳುವುದರಿಂದ ಉಪಯೋಗವಿಲ್ಲ. ಸದ್ದು ಇಳಿಯುತ್ತದೆ, ರಾಗ ಹಾಗೇ ಉಳಿಯುತ್ತದೆ, ದುರ್ಯೋಧನ ಪಿಸುಗುಟ್ಟಿದಂತೆ ಕೇಳುತ್ತದೆ. ದನಿ ಇಳಿಯಲು ಕಾರಣ ಕೊಡಬೇಕು. ಅವರಿಗೆ ಕೊಟ್ಟ ಸೂಚನೆ: "ಕಾಕಾರ, ತಂಗಿ ಅಂಜ್ಯಾಳ. ಆಕೀಗೆ ಕೇಳದಂಗ ಹುಡುಗಗ ಹಗ್ಗ ತಾ ಅನ್ರಿ." ಅವರು ಹುಡುಗನ ಭುಜ ಹಿಡಿದು ಹತ್ತಿರ ಎಳೆದುಕೊಂಡು "ಏ, ಹಗ್ಗ ತಾ. ಲಗೂನ" ಎಂದರು. ರಾಗವೂ ಇಲ್ಲ, ಸಭೆಯೂ ಇಲ್ಲ. ಗುಟ್ಟು ಕಾಯುವ ಮನುಷ್ಯನಿಗೆ ಕೊನೆಯ ಅಕ್ಷರ ಎಳೆಯಲು ಬರುವುದಿಲ್ಲ.

ಇಲ್ಲಿಂದ ಮುಂದೆ ಎಲ್ಲರಿಗೂ ಮೂರು ದನಿಗಳ ಹೆಸರಿಟ್ಟುಕೊಂಡೆವು. ಒಲಿ ಮುಂದಿನ ದನಿ, ಅಂದರೆ ಪಕ್ಕ ಕೂತವರಿಗಷ್ಟೇ. ಕಟ್ಟಿ ದನಿ, ಅಂದರೆ ಎದುರಿನ ಕಟ್ಟೆಯಲ್ಲಿ ಕೂತವರಿಗೆ ಮುಟ್ಟುವಷ್ಟು. ಹೊಲದ ದನಿ, ಬದುವಿನ ಆಚೆಗೆ ಕೂಗುವುದು. "ಇನ್ನಷ್ಟು ಭಾವ ತುಂಬಿ" ಎಂಬಂಥ ಮಾತು ಯಾರಿಗೂ ತಿಳಿಯುವುದಿಲ್ಲ, ನನಗೂ ಅದರ ಅರ್ಥ ಪೂರ್ತಿ ತಿಳಿಯದು. "ಇದು ಒಲಿ ಮುಂದಿಂದು" ಎಂದರೆ ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ. ವಿಡಿಯೊದ ಬಹುಪಾಲು ಒಲಿ ಮುಂದಿನ ದನಿಯಲ್ಲೇ ನಡೆಯುತ್ತದೆ. ಹಿರಿಯರಿಗೆ ಹೊಲದ ದನಿಯನ್ನು ಒಂದು ಕಡೆ ಮಾತ್ರ ಬಿಟ್ಟೆವು: ಆಂಬುಲೆನ್ಸ್ ತಡವಾದರೆ ಇರಲಿ ಎಂದು ಬದುವಿನ ಆಚೆಯವನಿಗೆ "ಏ, ಗಾಡಿ ತಗೊಂಡು ಬಾರೋ!" ಎಂದು ಕೂಗುವಲ್ಲಿ. ಅಷ್ಟು ಹೊತ್ತು ತಡೆದುಕೊಂಡ ಗಂಟಲು ಅದು. ಆ ಕೂಗಿಗೆ ಊರ ನಾಯಿಗಳೆಲ್ಲ ಎದ್ದವು, ಅದನ್ನೂ ಹಾಗೇ ಉಳಿಸಿಕೊಂಡೆವು.

ಕಡಿತ

ಹಾವನ್ನು ತೋರಿಸಲಿಲ್ಲ. ಪಕ್ಕದ ಊರಿನ ಹಾವು ಹಿಡಿಯುವವನನ್ನು ಕರೆಸೋಣ ಎಂದು ಯಾರೋ ಅಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಟ್ಟು ಒಂದು ಕಡೆ ಇರಲಿ, ಹಾವು ಕಂಡರೆ ನೋಡುವವರ ಕಣ್ಣು ಅದರ ಮೇಲೇ ನಿಂತು ಮುಂದಿನ ಅರ್ಧ ನಿಮಿಷದ ಮಾತು ಕಿವಿಗೆ ಬೀಳುವುದಿಲ್ಲ. ರಬ್ಬರಿನ ಹಾವಾದರೆ ನಗು.

ಹೆಂಗಸಿಗೆ ನಟನೆಯ ಅನುಭವ ಏನೂ ಇರಲಿಲ್ಲ. ಶುರುವಿನಲ್ಲಿ ಸೆರಗು ಬಾಯಿಗೆ ಹಿಡಿದು ನಗು. ಅವಳು ನಗುತ್ತಿದ್ದುದು ಕ್ಯಾಮೆರಾ ಕಂಡು ಅಲ್ಲ, ಸುತ್ತ ನಿಂತ ಗೆಳತಿಯರನ್ನು ಕಂಡು. ಅವರನ್ನು ಅಟ್ಟಿದರೆ ಮನಸ್ತಾಪ. ಒಬ್ಬಳಿಗೆ ಎಮ್ಮೆ ಹಿಡಿದುಕೊಳ್ಳುವ ಕೆಲಸ, ಇನ್ನೊಬ್ಬಳಿಗೆ ದಾರಿಯಲ್ಲಿ ಟ್ರ್ಯಾಕ್ಟರ್ ಬಂದರೆ ನಿಲ್ಲಿಸುವ ಕೆಲಸ, ಹುಡುಗರಿಗೆ ಮೋಟಾರ್ ಪಂಪು ಬಂದ್ ಇರುವಂತೆ ಕಾಯುವ ಕೆಲಸ. ಎಲ್ಲರೂ ಶೂಟಿಂಗ್‌ನವರೇ ಆದರು, ನೋಡುವವರು ಯಾರೂ ಉಳಿಯಲಿಲ್ಲ.

ಅವಳಿಗೆ ಚೀರಲು ಹೇಳಲಿಲ್ಲ. ಚೀರಾಟ ಹವ್ಯಾಸಿಗಳಿಗೆ ಬಹಳ ಕಷ್ಟದ ಕೆಲಸ, ಯಾವತ್ತೂ ತಡವಾಗಿ ಬರುತ್ತದೆ, ಬಂದರೂ ಸುಳ್ಳೆನಿಸುತ್ತದೆ. ಸೂಚನೆ ಕೈಕಾಲಿನದು: "ಬಣವಿಯಿಂದ ಕಣಕಿ ಸೂಡು ಜಗ್ಗು. ಎರಡನೇ ಸೂಡು ಜಗ್ಗಿದಾಗ ಕಾಲಿಗೆ ಮುಳ್ಳು ಚುಚ್ತು ಅಂತ ತಿಳಿ. ಹಿಂದ ಸರಿ. ನೆಲ ನೋಡು. ನೋಡಿದ ಮ್ಯಾಲ ಮಾತಾಡು." ಅವಳು ಸರಿದು, ಕಾಲು ನೋಡಿ, ಆಮೇಲೆ ಬುಡದ ಕಡೆ ನೋಡಿ, "ಯವ್ವಾ... ಹುಳಾ ಮುಟ್ತು" ಅಂದಳು. ಮೊದಲು ನೋಟ, ಆಮೇಲೆ ಮಾತು. ಈ ಕ್ರಮ ತಪ್ಪಿದರೆ, ಅಂದರೆ ನೋಡುವ ಮೊದಲೇ ಮಾತು ಬಂದರೆ, ಮುಂದೇನಾಗುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ನೋಡುವವರಿಗೆ ಹೊಳೆದುಬಿಡುತ್ತದೆ.

ಶುರುವಿಗೆ "ಆ್ಯಕ್ಷನ್" ಎಂದು ಕೂಗುವುದನ್ನೂ ಬಿಟ್ಟೆವು. ಆ ಕೂಗಿಗೆ ಎಲ್ಲರೂ ಸೆಟೆದು ನಿಲ್ಲುತ್ತಾರೆ. ಕ್ಯಾಮೆರಾ ಮೊದಲೇ ಓಡುತ್ತಿರುತ್ತದೆ, ಅವಳು ಸುಮ್ಮನೆ ಕಣಕಿ ಜಗ್ಗುತ್ತಿರುತ್ತಾಳೆ, ನಾನು "ಹೂಂ, ನಡೀಲಿ" ಅನ್ನುತ್ತೇನೆ. ಕೊನೆಗೂ ಅಷ್ಟೆ, ಮಾತು ಮುಗಿದ ಮೇಲೆ ಐದಾರು ಸೆಕೆಂಡ್ ಯಾರೂ ಏನೂ ಅನ್ನುವುದಿಲ್ಲ. ಜೋಡಿಸುವಾಗ ಬೇಕಾಗುವ ನೋಟಗಳು ಬಹಳಷ್ಟು ಸಲ ಆ ಸೆಕೆಂಡುಗಳಲ್ಲೇ ಸಿಗುತ್ತವೆ.

ಹಗ್ಗದ ದೃಶ್ಯ

ಇಡೀ ವಿಡಿಯೊ ನಿಂತಿರುವುದು ಈ ದೃಶ್ಯದ ಮೇಲೆ, ತೊಡಕೂ ಇಲ್ಲೇ ಹೆಚ್ಚು.

ಮೊದಲ ತೀರ್ಮಾನ ನಟನೆಯದ್ದಲ್ಲ, ಚಿತ್ರದ್ದು: ಗಂಟು ಬೀಳಬಾರದು. ತಪ್ಪನ್ನು ಮೊದಲು ತೋರಿಸಿ ಆಮೇಲೆ ತಿದ್ದುವುದು ಇಂಥ ವಿಡಿಯೊಗಳ ರೂಢಿ. ಆದರೆ ಸದ್ದಿಲ್ಲದೆ ನೋಡುವವರು, ಅರ್ಧಕ್ಕೆ ನಿಲ್ಲಿಸುವವರು ಬಹಳ. ಹಿರಿಯರಂಥ ನಟ ಪೂರ್ತಿ ಆವೇಶದಿಂದ ಹಗ್ಗ ಬಿಗಿದರೆ ಜನರ ನೆನಪಿನಲ್ಲಿ ಉಳಿಯುವುದು ಆ ಬಿಗಿತವೇ. ಆದ್ದರಿಂದ ಹಗ್ಗ ಕಾಲಿಗೆ ತಾಗುವ ಮೊದಲೇ ಹುಡುಗನ ಕೈ ಅಡ್ಡ ಬರಬೇಕು.

ಎರಡನೆಯದು ಹುಡುಗನ ತೊಡಕು. "ಮಾವಾ, ಕಟ್ಟಬ್ಯಾಡ್ರಿ" ಎಂಬುದು ಅವನದೇ ಮಾತು, ಆದರೂ ತಾಲೀಮಿನಲ್ಲಿ ಪ್ರತಿ ಸಲ ಆ ಜಾಗಕ್ಕೆ ಬಂದಾಗ ದನಿ ಕುಸಿಯುತ್ತಿತ್ತು. ಕಾರಣ ಬೇರೇನಲ್ಲ. ಕಾಕಾ ಊರಿಗೆ ದೊಡ್ಡವರು, ಅವನಪ್ಪನೂ ಅವರೆದುರು ತಲೆ ಎತ್ತಿ ಮಾತಾಡುವುದಿಲ್ಲ. ಜನರೆದುರು ಅವರಿಗೆ ಬೇಡ ಅನ್ನುವುದು ಅವನ ನಾಲಿಗೆಗೆ ಬರುತ್ತಿರಲಿಲ್ಲ. "ಜೋರಾಗಿ ಹೇಳು" ಎಂದರೆ ಉದ್ಧಟತನ ಕಾಣುತ್ತಿತ್ತು, ಅದೂ ಬೇಡ. ನೋಡುವ ಹಿರಿಯರು ಸಂದೇಶ ಬಿಟ್ಟು ಹುಡುಗನ ನಡತೆಯ ಮೇಲೆ ಮಾತು ತೆಗೆಯುತ್ತಾರೆ.

ಬಾಯಿ ಹೇಳಲಾರದ್ದನ್ನು ಕೈಗೆ ಕೊಟ್ಟೆವು. ಹುಡುಗ ಮೊದಲು ಮಾವನ ಮಣಿಕಟ್ಟು ಹಿಡಿಯುತ್ತಾನೆ, ಗಟ್ಟಿಯಾಗಿ. ಹಿರಿಯರಿಗೆ ಬೇರೆ ಕರೆದು ಹೇಳಿದ್ದು: "ಅಂವ ಖರೇನ ತಡೀತಾನ. ನೀವು ಖರೇನ ಜಗ್ಗ್ರಿ." ಇಬ್ಬರ ತೋಳಿಗೂ ಕೆಲಸ ಬಿತ್ತು. ಹಿಡಿತ ಗಟ್ಟಿಯಾಗಿದ್ದಾಗ ದನಿ ಮೆತ್ತಗಿದ್ದರೂ ನಡೆಯುತ್ತದೆ, ನಡೆಯುವುದೇನು, ಇನ್ನೂ ಚೆನ್ನ. ಮಾತು ಬೇಡಿಕೊಂಡಂತೆ ಬಂತು, ಕೈ ಬಿಡಲಿಲ್ಲ. ಮರ್ಯಾದೆಯೂ ಉಳಿಯಿತು, ಹಗ್ಗವೂ ನಿಂತಿತು.

ಮೂರನೆಯದು ಎಲ್ಲ ಹವ್ಯಾಸಿಗಳಲ್ಲೂ ಇರುವ ಆತುರ. ಎದುರಿನವರ ಮಾತು ಮುಗಿಯುವ ಮೊದಲೇ ತನ್ನದನ್ನು ಹೇಳಿ ಕೈತೊಳೆದುಕೊಳ್ಳುವುದು, ಅಥವಾ ಎದುರಿನವರ ಮಾತಿಗೆ ತಾನೂ ತುಟಿ ಆಡಿಸುವುದು. "ಸ್ವಲ್ಪ ತಡೆದು ಹೇಳು" ಎಂದರೆ ಮನಸ್ಸಿನಲ್ಲಿ ಎಣಿಸುತ್ತಾರೆ, ಕಣ್ಣಲ್ಲಿ ಆ ಎಣಿಕೆ ಕಾಣುತ್ತದೆ. ಅದಕ್ಕೇ ಯಾರ ಮಾತಿಗೂ ಮಾತೇ ಸೂಚನೆಯಾಗದಂತೆ, ಮುಟ್ಟುವುದೇ ಸೂಚನೆಯಾಗುವಂತೆ ಸರಪಳಿ ಮಾಡಿದೆವು. ನನ್ನ ನೋಟ್‌ಬುಕ್ಕಿನಲ್ಲಿ ಆ ದೃಶ್ಯ ಇದ್ದದ್ದು ಹೀಗೆ:

ಹಗ್ಗ ಕೈಗೆ ಬಂತು. ಆಮೇಲೆ ಹಿರಿಯರು, ಒಲಿ ದನಿ: "ಕಾಲ ನೀಡವ್ವಾ."
ಹಗ್ಗ ಕಾಲಿನ ಹತ್ತಿರ. ಹುಡುಗ ಮಣಿಕಟ್ಟು ಹಿಡಿ. ಹಿಡಿದ ಮೇಲೆ, ಕಣ್ಣು ಹಗ್ಗದ ಮೇಲೆ: "ಮಾವಾ, ಕಟ್ಟಬ್ಯಾಡ್ರಿ. ಕಾಲ ಹೋಗ್ತೈತಿ."
ಹಿರಿಯರು ಜಗ್ಗಿ ನೋಡಿ. ಬಿಡದಿದ್ದರೆ ಮಾತ್ರ: "ವಿಷಾ ಏರ್ತೈತಲೋ!"
ಆಯಿ ಹಗ್ಗದ ತುದಿ ಎಳೆದುಕೋ. ಕೈಗೆ ಬಂದ ಮೇಲೆ: "ಅಂವ ಹೇಳೂದು ಖರೆ ಐತಿ. ಕಾಲ ಅಲ್ಲಾಡಿಸಬ್ಯಾಡ್ರಿ. ಫೋನ್ ಹಚ್ಚಲೇ ತಮ್ಮಾ."

"ಬಿಡದಿದ್ದರೆ ಮಾತ್ರ" ಎಂಬುದು ಇಲ್ಲಿಯ ಕೀಲಿ. ಹುಡುಗ ಬಿಡುತ್ತಾನೋ ಇಲ್ಲವೋ ಎಂದು ಹಿರಿಯರು ನಿಜಕ್ಕೂ ಕಾಯಬೇಕು, ಹಾಗಾಗಿ "ವಿಷಾ ಏರ್ತೈತಲೋ" ಎಂಬುದು ಪ್ರತಿ ಸಲ ಬೇರೆ ಹೊತ್ತಿಗೆ, ಬೇರೆ ದನಿಯಲ್ಲಿ ಬರುತ್ತಿತ್ತು. ಆಯಿಗೆ ನಾಲ್ಕನೇ ಸಾಲು ಕೊಟ್ಟದ್ದೂ ಲೆಕ್ಕ ಹಾಕಿಯೇ. ಓದಿದ ಹುಡುಗ ಹಿರಿಯನನ್ನು ಸೋಲಿಸಿದ ಎಂಬಂತೆ ಮುಗಿಯಬಾರದು. ಓಣಿಯ ಹಿರಿಯ ಹೆಂಗಸು ಹಗ್ಗ ಕಸಿದರೆ ಅಲ್ಲಿಗೆ ಅಪ್ಪಣೆ.

ಆವೇಶದಲ್ಲಿ ಹಿರಿಯರು ಒಂದು ಮಾತು ಸೇರಿಸಿದರು: "ಅದನ್ನ ಹುಡಕ್ರೋ, ಹೊಡೀರಿ!" ಬಹಳ ಸಹಜವಾಗಿತ್ತು, ಎಲ್ಲರೂ ಮೆಚ್ಚಿದರು. ಆದರೆ ಹಾವು ಹುಡುಕುತ್ತ ಹೊತ್ತು ಕಳೆಯುವುದು, ಹೊಡೆಯಲು ಹೋಗಿ ಇನ್ನೊಬ್ಬರು ಕಡಿಸಿಕೊಳ್ಳುವುದು ನಿಜಕ್ಕೂ ಆಗುವಂಥದ್ದು. ಬಿಟ್ಟ ಮಾತು ಬೀಗದ ಮಾತಿಗೆ ಎದುರು ನಿಂತರೆ ಎರಡೇ ದಾರಿ: ಕತ್ತರಿಸಬೇಕು, ಇಲ್ಲವೇ ಅಲ್ಲೇ ಯಾರಾದರೂ ಉತ್ತರ ಕೊಡಬೇಕು. ಆಯಿಗೆ ಕೇಳಿದೆವು. "ಅದು ಹೋತು ಬಿಡೋ, ಇಕೀನ ನೋಡು" ಎಂದರು. ಎರಡೂ ಉಳಿದವು.

ಕಾಲುಂಗುರ

ಚಿತ್ರಕಥೆಯಲ್ಲಿ "ಹುಡುಗ ಅವ್ವನ ಕಾಲುಂಗುರ ತೆಗೆಯುತ್ತಾನೆ" ಎಂದು ಒಂದು ಸಾಲಿತ್ತು. ವೈದ್ಯಕೀಯವಾಗಿ ಬೇಕೇ ಬೇಕಾದ ಸಾಲು. ಹೆಂಗಸು ಮಾತಾಡದೆ ಕಾಲು ಹಿಂದಕ್ಕೆ ಎಳೆದುಕೊಂಡಳು. ಮುತ್ತೈದೆಯ ಕಾಲುಂಗುರವನ್ನು ನಟನೆಗಾಗಿ, ಅದೂ ಮಗನ ಕೈಯಿಂದ ತೆಗೆಸುವುದು ಆಗದ ಮಾತು. ನಿಜಕ್ಕೂ ಹಾವು ಕಡಿದಾಗ ಹೆಂಗಸರು ಅದನ್ನು ತೆಗೆಯದಿರಲು ಇದೇ ಕಾರಣ ಇರಬಹುದು ಎಂದು ಆಗ ಹೊಳೆಯಿತು. ಅಂದಮೇಲೆ ಸದ್ದಿಲ್ಲದೆ ದಾಟಿಸುವ ಜಾಗವಲ್ಲ ಇದು, ಮಾತು ಬೇಕು.

ಆಯಿಗೆ ಕೇಳಿದೆವು: "ನಿಮ್ಮ ಸೊಸಿ ಹಿಂಗ ಕಾಲ ಎಳಕೊಂಡ್ರ ಏನಂತೀರಿ?" ಅವರು ತಡಮಾಡದೆ, "ತಗಿಯವ್ವಾ, ಜೀವಾ ಇದ್ರ ನಾಳೆ ಹಾಕ್ಕೊಳ್ಳಾಕ ಬರ್ತೈತಿ" ಎಂದರು. ವಿಡಿಯೊದ ಅತ್ಯಂತ ಉಪಯುಕ್ತ ಮಾತು ಇದೇ ಎಂಬುದು ನನ್ನ ಎಣಿಕೆ, ಯಾರೂ ಬರೆದದ್ದಲ್ಲ. ಹೆಂಗಸು ಕಾಲು ಎಳೆದುಕೊಳ್ಳುವುದನ್ನೂ ದೃಶ್ಯದೊಳಗೇ ಇಟ್ಟೆವು, ಅದಕ್ಕೆ ಅವಳು ನಟಿಸಬೇಕಾಗಿಯೂ ಇರಲಿಲ್ಲ. ತೆಗೆಯುವ ಹತ್ತಿರದ ನೋಟಕ್ಕೆ ರೋಣದ ಸಂತೆಯಿಂದ ತಂದ ಸಡಿಲ ಉಂಗುರವೊಂದನ್ನು ಪಕ್ಕದ ಬೆರಳಿಗೆ ಹಾಕಿ, ಆ ಬೆರಳಷ್ಟೇ ಕಾಣುವಂತೆ ಹಿಡಿದು, ಆಯಿಯ ಕೈಯಿಂದಲೇ ತೆಗೆಸಿದೆವು. ಅವಳ ಸ್ವಂತದ್ದು ಕದಲಲಿಲ್ಲ.

ಫೋನು

ಒಬ್ಬನೇ ಫೋನಿನಲ್ಲಿ ಮಾತಾಡುವ ನಟನೆಯಲ್ಲಿ ಎದುರಿನವರ ಮಾತಿಗೆ ಜಾಗ ಬಿಡುವುದು ಅನುಭವಸ್ಥರಿಗೂ ಕಷ್ಟ. ಹುಡುಗ "ಹಲೋ 108 ಏನ್ರಿ ನಮ್ಮವ್ವಗ ಹಾವು ಕಡದೈತಿ ಲಗೂನ ಬರ್ರಿ" ಎಂದು ಒಂದೇ ದಾರದಲ್ಲಿ ಪೋಣಿಸುತ್ತಿದ್ದ, ಪುಸ್ತಕ ಓದುವ ದನಿಯಲ್ಲಿ.

ಎರಡು ಉಪಾಯ ಮಾಡಿದೆವು. ಮೊದಲನೆಯದು, ನಿಜವಾದ ಫೋನ್. 108ಕ್ಕಲ್ಲ, ಆ ಲೈನನ್ನು ಶೂಟಿಂಗ್‌ಗೆ ಬಳಸುವುದು ಇನ್ನೊಬ್ಬರ ಜೀವದ ಹೊತ್ತನ್ನು ಕಸಿದಂತೆ. ನಮ್ಮ ಧ್ವನಿಯವನ ನಂಬರಿಗೆ ಹಚ್ಚಿಸಿದೆವು, ಅವನು ಮನೆಯ ಹಿತ್ತಲಿನಲ್ಲಿ ಕೂತು ಕೇಳತೊಡಗಿದ: ಯಾವ ಊರು? ಯಾರಿಗೆ? ಯಾವಾಗ ಕಡಿದದ್ದು? ಮಾತಾಡ್ತಾರಾ? ಗುರುತು ಏನು? ಏನು ಕೇಳುತ್ತಾನೆಂದು ಹುಡುಗನಿಗೆ ಗೊತ್ತಿಲ್ಲ. ಹಾಗಾಗಿ ನಿಜಕ್ಕೂ ಕೇಳಿಸಿಕೊಂಡ, ತಿರುಗಿ ಅವ್ವನ ಕಡೆ ನೋಡಿ "ಹೂಂ, ಮಾತಾಡ್ತಾಳ್ರೀ" ಎಂದ, ದಾರಿ ಹೇಳುವಾಗ ಕೈ ತಾನಾಗಿ ಎದ್ದಿತು: "ಬಸವಣ್ಣನ ಗುಡಿ ದಾಟಿ ಬರ್ರಿ, ನೀರಿನ ಟಾಕಿ ಬಾಜೂಕ." ಫೋನಿನಲ್ಲಿ ಗುರುತು ಹೇಳಬೇಕು ಎಂಬ ಸಂದೇಶ ಅಲ್ಲೇ ಸೇರಿತು. ಎರಡನೆಯದು, ಕ್ಯಾಮೆರಾ ಓಡುವ ಮುನ್ನ ಬಣವೆಯ ಸುತ್ತ ಅವನನ್ನು ಓಡಿಸಿದ್ದು. ಏದುಸಿರಿನಲ್ಲಿ ಓದುವ ರಾಗ ಉಳಿಯುವುದಿಲ್ಲ.

ಒಂದು ಮಿತಿ ಹೇಳಬೇಕು. ಏದುಸಿರು ಮತ್ತು ಗಾಳಿ ಎರಡೂ ಸೇರಿದರೆ ಪದ ಕೇಳುವುದಿಲ್ಲ. ಮಳೆಗಾಲದ ಗದಗ ಸೀಮೆಯ ಗಾಳಿಯ ಬಲ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ, ಗುಡ್ಡದ ಮೇಲಿನ ಗಾಳಿಗಿರಣಿಗಳೇ ಹೇಳುತ್ತವೆ. ಕೂದಲಿನ ಹೊದಿಕೆ ಹಾಕಿದ ಮೈಕನ್ನೂ ಅದು ಬಿಡುವುದಿಲ್ಲ. ಬಣವೆಯನ್ನೇ ಅಡ್ಡ ಮಾಡಿಕೊಂಡು ಗಾಳಿಯ ಮರೆಗೆ ಎಲ್ಲರನ್ನೂ ಕೂರಿಸಿದೆವು. ಹೆಂಗಸಿನ ಕಾಲರ್ ಮೈಕನ್ನು ಸೆರಗಿನ ಒಳಮಡಿಕೆಗೆ ಸಿಕ್ಕಿಸಿ, ಗಾಜಿನ ಬಳೆಯ ಕೈ ಆ ಕಡೆ ಬಾರದಂತೆ ಅದನ್ನು ನೆಲಕ್ಕೆ ಊರಿಸಿದೆವು. "108" ಎಂಬ ಪದವನ್ನು ಮಾತ್ರ ಒಳಕೋಣೆಯಲ್ಲಿ, ಕೌದಿ ಇಳಿಬಿಟ್ಟು ಮತ್ತೊಮ್ಮೆ ಹೇಳಿಸಿ ಇಟ್ಟುಕೊಂಡೆವು, ಕೊನೆಗೆ ಅದೇ ಬೇಕಾಯಿತು.

ಆಶಾ ಅಕ್ಕ

ಆಶಾ ಕಾರ್ಯಕರ್ತೆಗೆ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಮಾತಿಗೆ ಅಂಜಿಕೆಯೂ ಇಲ್ಲ. ಆದರೆ ಲೆನ್ಸ್ ಕಂಡ ಕೂಡಲೇ ಸಭೆಯ ದನಿ: "ಎಲ್ಲರಿಗೂ ನಮಸ್ಕಾರಗಳು. ಹಾವು ಕಡಿತಕ್ಕೆ ಒಳಗಾದ ವ್ಯಕ್ತಿಯನ್ನು..." ಓಣಿಯಲ್ಲಿ ಅವರು ಹಾಗೆ ಮಾತಾಡುವುದೇ ಇಲ್ಲ.

ಇಲ್ಲಿ ಸಾಲು ಕೊಡುವುದನ್ನೇ ಬಿಟ್ಟೆವು. ಲೆನ್ಸಿಗೆ ಕೆನ್ನೆ ತಾಗುವಷ್ಟು ಹತ್ತಿರ ಅವರ ಪಕ್ಕದ ಮನೆಯವಳನ್ನು ಕೂರಿಸಿ, ಅವಳಿಗೆ ನಿಜಕ್ಕೂ ಇದ್ದ ಸಂಶಯ ಕೇಳಲು ಬಿಟ್ಟೆವು. "ಅಲ್ಲ ಅಕ್ಕಾ, ಕಟ್ಟಲಿಲ್ಲಂದ್ರ ವಿಷಾ ಮ್ಯಾಲ ಏರೂದಿಲ್ಲೇನು?" ಅಕ್ಕನ ದನಿ ತಕ್ಷಣ ಕೆಳಗಿಳಿಯಿತು: "ಕಟ್ಟಿದ್ರೂ ಏರೂದು ಏರ್ತೈತಿ. ಮ್ಯಾಲ ರಕ್ತಾನೂ ನಿಂತು ಕಾಲ ಕರ್ರಗಾಗ್ತೈತಿ. ಬಿಚ್ಚಿದ ಕೂಡ್ಲೇ ನಿಂತದ್ದೆಲ್ಲಾ ಒಮ್ಮೆಲೆ ಮ್ಯಾಲ ಹೊಕ್ಕೈತಿ. ಕಾಲಿಗೆ ಒಂದು ಕಟಗಿ ಕೊಟ್ಟು, ಮುರದ ಕಾಲು ಕಟ್ಟತೀವಲ್ಲ, ಹಂಗ ಸಡ್ಲ ಸುತ್ತಿ ಮಲಗಸ್ರಿ. ನಡಸಬ್ಯಾಡ್ರಿ." ಕೊನೆಗೆ ಜೋಡಿಸುವಾಗ ಕೇಳಿದವಳ ದನಿಯನ್ನೂ ಉಳಿಸಿಕೊಂಡೆವು, ಮುಖ ಕಾಣಿಸಲಿಲ್ಲ.

ಇದರ ಬೆಲೆ ಉದ್ದ. ಸಾಲು ಬರೆದುಕೊಟ್ಟರೆ ಇಪ್ಪತ್ತು ಸೆಕೆಂಡಿಗೆ ಮುಗಿಯುವುದು ಹೀಗೆ ಕೇಳಿದರೆ ಐದು ನಿಮಿಷ ಹರಿಯುತ್ತದೆ, ಅದರಲ್ಲಿ ಬೇಕಾದದ್ದು ಆರಿಸಬೇಕು, ಆರಿಸಿದ ಪ್ರತಿ ವಾಕ್ಯವನ್ನೂ ವೈದ್ಯರಿಗೆ ಕೇಳಿಸಬೇಕು. ಕೇಳಿಸಿದೆವು. "ಸಡ್ಲ" ಎಂಬ ಪದ ಗಾಳಿಯಲ್ಲಿ ಅರ್ಧ ನುಂಗಿಹೋಗಿದೆ, ಅದು ಕೇಳದಿದ್ದರೆ ಮತ್ತೆ ಕಟ್ಟು ಎಂದಂತೆ ಆಗುತ್ತದೆ ಎಂದು ಅವರು ಹಿಡಿದರು. ಆ ಒಂದು ವಾಕ್ಯವನ್ನು ಅಕ್ಕನಿಂದ ಮತ್ತೆ ಹೇಳಿಸುವ ಬದಲು, ಅವರು ಹುಡುಗನ ಕಾಲಿಗೆ ಕಟ್ಟಿಗೆ ಕೊಟ್ಟು ಪಂಚೆಯಿಂದ ಸುತ್ತಿ, ಸುತ್ತಿನೊಳಗೆ ಎರಡು ಬೆರಳು ತೂರಿಸಿ ತೋರಿಸುವ ನೋಟ ಹಿಡಿದೆವು. ಮಾತು: "ಎರಡು ಬಟ್ಟು ಹೋಗಬೇಕು ನೋಡ್ರಿ." ಇದನ್ನು ಹೇಳುವಾಗ ಅವರ ಕಣ್ಣು ಬೆರಳಿನ ಮೇಲಿತ್ತು, ಹಾಗಾಗಿ ದನಿಗೆ ಸೂಚನೆ ಬೇಕಾಗಲಿಲ್ಲ.

ಹಂಚುವ ಮುನ್ನ ಅರಳಿಕಟ್ಟೆಯಲ್ಲಿ, ಶೂಟಿಂಗ್‌ಗೆ ಬಾರದವರಿಗೆ ಎರಡು ಸಲ ತೋರಿಸಿದೆವು, ಮೊದಲು ಸದ್ದಿಲ್ಲದೆ, ಆಮೇಲೆ ಸದ್ದಿನೊಂದಿಗೆ. ಸದ್ದಿಲ್ಲದಾಗ ಕೇಳಿದ್ದು ಒಂದೇ ಪ್ರಶ್ನೆ: ಹಗ್ಗ ಏನಾತು? "ಮುದುಕಿ ಕಸಗೊಂಡ್ಲು" ಎಂದರು. ಸದ್ದಿನೊಂದಿಗೆ ನೋಡಿದ ಮೇಲೆ ಒಬ್ಬ ಹೆಂಗಸು ಕೇಳಿದಳು, ದವಾಖಾನೆಗೆ ಹೋದ ಮೇಲೆ ಹಾವು ಯಾವುದು ಅಂತ ಹೇಳಲಿಲ್ಲಂದ್ರ ಇಂಜೆಕ್ಷನ್ ಕೊಡತಾರೇನು ಎಂದು. ನಮ್ಮಲ್ಲಿ ಅದಕ್ಕೆ ಉತ್ತರ ಇರಲಿಲ್ಲ, ವಿಡಿಯೊದಲ್ಲೂ ಇರಲಿಲ್ಲ. ವೈದ್ಯರು ಹೇಳಿದರು: ನಮ್ಮಲ್ಲಿ ಸಿಗುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ, ರೋಗಿಯ ಲಕ್ಷಣ ನೋಡಿ ಕೊಡುತ್ತಾರೆ, ಹಾವು ತರಬೇಕಿಲ್ಲ. ಆಶಾ ಅಕ್ಕನನ್ನು ಅದೇ ಜಾಗದಲ್ಲಿ, ಅದೇ ಸೀರೆಯಲ್ಲಿ ಕೂರಿಸಿ, ಈ ಸಲ ಆ ಹೆಂಗಸನ್ನೇ ಲೆನ್ಸಿನ ಪಕ್ಕ ಕೂರಿಸಿ ಕೇಳಿಸಿದೆವು. "ಹಾವು ಹಿಡಕೊಂಡು ಬರೂದು ಬ್ಯಾಡವ್ವಾ, ನೀ ಬಾ ಸಾಕು" ಎಂದು ಅಕ್ಕ ನಕ್ಕುಬಿಟ್ಟರು. ನಗುವನ್ನು ಕತ್ತರಿಸಲಿಲ್ಲ.